ಅವನ ಮಾತನ್ನು ಮೊದಲು ನೀನು ಹೇಳು

ಕೆಲವು ವರ್ಷಗಳ ಹಿಂದೆ ನಮ್ಮ ಧರ್ಮಕೇಂದ್ರದ ಮಕ್ಕಳಿಗೆ ಒಂದು ಚರ್ಚಾಸ್ಪರ್ಧೆ ಏರ್ಪಡಿಸಿದ್ದೆವು. ಎಂಟನೆಯ ತರಗತಿಯಿಂದ ಪಿಯುಸಿವರೆಗಿನ ಹುಡುಗ ಹುಡುಗಿಯರು. ತೀರ್ಪು ಕೊಡಲು ಇಬ್ಬರು ಶಿಕ್ಷಕರು, ಗೆದ್ದವರಿಗೆ ಸ್ಟೀಲಿನ ಊಟದ ಡಬ್ಬಿ. ಪರ ಮಾತಾಡುವವರು ಬಲಕ್ಕೆ, ವಿರೋಧ ಮಾತಾಡುವವರು ಎಡಕ್ಕೆ ಕುಳಿತರು. "ಮಾನ್ಯ ಅಧ್ಯಕ್ಷರೇ, ತೀರ್ಪುಗಾರರೇ" ಎಂದು ಆರಂಭಿಸಿ ಒಬ್ಬೊಬ್ಬರೂ ಮೂರು ನಿಮಿಷ ಗಟ್ಟಿ ದನಿಯಲ್ಲಿ ಒಪ್ಪಿಸಿದರು. ಕಾರ್ಯಕ್ರಮ ಚೆನ್ನಾಗಿ ಆಯಿತೆಂದು ಎಲ್ಲರೂ ಹೇಳಿದರು.

ಆದರೆ ನಾನು ಅಂದು ನೋಡುತ್ತಿದ್ದುದು ಮಾತಾಡುವವರನ್ನಲ್ಲ, ತಮ್ಮ ಸರದಿಗಾಗಿ ಕಾಯುತ್ತಿದ್ದವರನ್ನು. ಒಬ್ಬರ ಮುಖವೂ ಮಾತಾಡುವವನ ಕಡೆಗಿರಲಿಲ್ಲ. ಅಂಗೈಯಲ್ಲಿ ಮಡಿಸಿಟ್ಟುಕೊಂಡ ಚೀಟಿ, ಸದ್ದಿಲ್ಲದೆ ಅಲುಗುವ ತುಟಿ. ಮೊದಲ ಬಹುಮಾನ ಪಡೆದ ಹುಡುಗನನ್ನು ಆಮೇಲೆ ಹತ್ತಿರ ಕರೆದು ಕೇಳಿದೆ: "ಎದುರು ಪಕ್ಷದವರು ಹೇಳಿದ್ದರಲ್ಲಿ ಒಂದು ಮಾತು ಹೇಳಪ್ಪ." ಅವನು ಸ್ವಲ್ಪ ಯೋಚಿಸಿ, "ಅವರು ಹೇಳಿದ್ದು ತಪ್ಪು ಫಾದರ್" ಎಂದ. "ಏನು ಹೇಳಿದರು?" ಎಂದರೆ ಅವನಿಗೆ ಗೊತ್ತಿರಲಿಲ್ಲ. ಬಹುಮಾನವನ್ನು ನಾವೇ ಕೊಟ್ಟಿದ್ದೆವು. ಕೇಳಿಸಿಕೊಳ್ಳದೆಯೂ ಗೆಲ್ಲಬಹುದೆಂದು ಅವನಿಗೆ ಕಲಿಸಿದವರು ನಾವೇ.

ಆ ರಾತ್ರಿ ನನಗೆ ಗುರುಮಠದ ಒಬ್ಬ ವೃದ್ಧ ಪ್ರಾಧ್ಯಾಪಕರ ನೆನಪಾಯಿತು. ಹಳೆಯ ಕಾಲದ ವಿದ್ಯಾಪೀಠಗಳಲ್ಲಿ ನಡೆಯುತ್ತಿದ್ದ ವಾದಗೋಷ್ಠಿ ಹೇಗಿತ್ತೆಂದು ತೋರಿಸಲು ವರ್ಷಕ್ಕೆ ಒಂದೆರಡು ಸಲ ಅವರು ನಮ್ಮಿಂದ ಅದನ್ನು ಮಾಡಿಸುತ್ತಿದ್ದರು. ಒಬ್ಬ ಒಂದು ಸಿದ್ಧಾಂತವನ್ನು ಸಮರ್ಥಿಸಬೇಕು, ಇನ್ನೊಬ್ಬ ಆಕ್ಷೇಪ ಎತ್ತಬೇಕು. ಸಮರ್ಥಿಸುವವನು ಉತ್ತರ ಕೊಡುವ ಮೊದಲು ಆಕ್ಷೇಪವನ್ನು ಪೂರ್ತಿಯಾಗಿ ತನ್ನ ಬಾಯಿಂದ ಹೇಳಲೇಬೇಕು. ಆಮೇಲೆ ಅದನ್ನು ಮೊದಲಿನಿಂದ ಇನ್ನೊಮ್ಮೆ ತೆಗೆದುಕೊಂಡು, ಒಂದೊಂದು ವಾಕ್ಯಕ್ಕೂ ಮೂರರಲ್ಲಿ ಒಂದು ಉತ್ತರ ಕೊಡಬೇಕು: ಇದನ್ನು ಒಪ್ಪುತ್ತೇನೆ, ಇದನ್ನು ಒಪ್ಪುವುದಿಲ್ಲ, ಅಥವಾ ಇದರಲ್ಲಿ ಎರಡು ಅರ್ಥಗಳಿವೆ, ಒಂದನ್ನು ಒಪ್ಪುತ್ತೇನೆ, ಇನ್ನೊಂದನ್ನು ಒಪ್ಪುವುದಿಲ್ಲ. ಲತೀನಿನಲ್ಲಿ ಕನ್ಸೇದೊ, ನೇಗೊ, ದಿಸ್ತಿಂಗ್ವೊ. ನಮಗೆ ಆಗ ಇದೆಲ್ಲ ಮುದುಕರ ಆಟದಂತೆ ಕಂಡು ನಗು ಬರುತ್ತಿತ್ತು. ಸಂತ ಥಾಮಸ್ ಅಕ್ವಿನಾಸರ ಮಹಾಗ್ರಂಥದ ಪ್ರತಿ ಪ್ರಶ್ನೆಯೂ ಈ ಗೋಷ್ಠಿಯ ಅಚ್ಚಿನಲ್ಲೇ ಇದೆ. ಮೊದಲು ಎದುರಾಳಿಯ ವಾದ, ಆಮೇಲೆ ತಮ್ಮದು. ದೇವರಿದ್ದಾರೆಯೇ ಎಂಬ ಪ್ರಶ್ನೆಯಲ್ಲಿ ಕೂಡ ಇಲ್ಲವೆನ್ನುವವರ ವಾದವೇ ಮೊದಲು ಬರುತ್ತದೆ. ನಮ್ಮ ನಾಡಿನ ಶಾಸ್ತ್ರಕಾರರೂ ಪೂರ್ವಪಕ್ಷವನ್ನು ಹೇಳದೆ ಸಿದ್ಧಾಂತಕ್ಕೆ ಬರುತ್ತಿರಲಿಲ್ಲ.

ಇದೇ ನಿಯಮ 1951ರಲ್ಲಿ ಬೇರೊಂದು ದಾರಿಯಿಂದ ಬಂತು. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಭಾಷಣದಲ್ಲಿ ಕೇಳುಗರಿಗೆ ಒಂದು ಸಣ್ಣ ಪ್ರಯೋಗ ಸೂಚಿಸಿದರು. ಮನೆಯಲ್ಲೋ ಗೆಳೆಯರಲ್ಲೋ ವಾದ ಹತ್ತಿಕೊಂಡಾಗ ಮಾತನ್ನು ಒಂದು ಕ್ಷಣ ನಿಲ್ಲಿಸಿ ಈ ನಿಯಮ ಮಾಡಿಕೊಳ್ಳಿ: ಹಿಂದೆ ಮಾತಾಡಿದವರ ವಿಚಾರವನ್ನೂ ಭಾವನೆಯನ್ನೂ ಅವರಿಗೆ ತೃಪ್ತಿಯಾಗುವಂತೆ ಹೇಳಿ ತೋರಿಸಿದ ಮೇಲೆಯೇ ತನ್ನ ಮಾತು. ಕೇಳುವುದಕ್ಕೆ ಸುಲಭವೆನಿಸಿದರೂ ಮಾಡಲು ಬಹಳ ಕಷ್ಟ ಎಂದು ಅವರೇ ಎಚ್ಚರಿಸಿದರು. ಕಷ್ಟವೇಕೆ ಎಂಬುದಕ್ಕೆ ಅವರು ಕೊಟ್ಟ ಕಾರಣ ನನಗೆ ನಿಜವೆನಿಸುತ್ತದೆ. ಇನ್ನೊಬ್ಬನನ್ನು ನಿಜವಾಗಿ ಅರ್ಥ ಮಾಡಿಕೊಂಡರೆ ನಾನೇ ಬದಲಾಗಿಬಿಟ್ಟೇನೆಂಬ ಭಯ.

ಗುರುಮಠದ ನಿಯಮಕ್ಕೂ ರೋಜರ್ಸರ ನಿಯಮಕ್ಕೂ ಒಂದು ವ್ಯತ್ಯಾಸವಿದೆ, ಅದನ್ನು ಗಮನಿಸಬೇಕು. ನಾವು ಎದುರಾಳಿಯ ವಾಕ್ಯವನ್ನು ಅಕ್ಷರಶಃ ಒಪ್ಪಿಸಿದರೆ ಸಾಕಾಗುತ್ತಿತ್ತು. ರೋಜರ್ಸರಲ್ಲಿ ಸರಿಯಾಯಿತೋ ಇಲ್ಲವೋ ಎಂದು ಹೇಳುವ ಅಧಿಕಾರ ಮಾತಾಡಿದವನದೇ. ಮಕ್ಕಳ ಆಟಕ್ಕೆ ಬೇಕಾದದ್ದು ಇದು.

ಇದನ್ನು ತರಗತಿಯಲ್ಲಿ ಆಡಿಸಬಹುದಾದ ರೂಪಕ್ಕೆ ತಂದವರು ಮಿನ್ನೆಸೋಟ ವಿಶ್ವವಿದ್ಯಾಲಯದ ಡೇವಿಡ್ ಜಾನ್ಸನ್ ಮತ್ತು ರೋಜರ್ ಜಾನ್ಸನ್ ಎಂಬ ಸಹೋದರರು. 1970ರ ದಶಕದಿಂದ ಅವರು ಬೆಳೆಸಿಕೊಂಡು ಬಂದ ಕ್ರಮವನ್ನು ನಾನು ನಮ್ಮ ಮಕ್ಕಳಿಗೆ ಹೊಂದುವಂತೆ ಸ್ವಲ್ಪ ಬದಲಿಸಿಕೊಂಡಿದ್ದೇನೆ. ನಾಲ್ವರ ಒಂದು ಗುಂಪು, ಅದರಲ್ಲಿ ಇಬ್ಬಿಬ್ಬರ ಎರಡು ಜೋಡಿ. ಯಾವ ಜೋಡಿಗೆ ಯಾವ ಪಕ್ಷ ಎಂಬುದು ಚೀಟಿ ಎತ್ತಿ ತೀರ್ಮಾನ. ಹತ್ತು ನಿಮಿಷ ಜೋಡಿಗಳು ಬೇರೆ ಬೇರೆ ಕುಳಿತು ಸಿದ್ಧವಾಗುತ್ತವೆ. ಆಮೇಲೆ ಮೊದಲ ಜೋಡಿ ಮೂರು ನಿಮಿಷ ಮಾತಾಡುತ್ತದೆ. ಎದುರಿನವರು ಬರೆದುಕೊಳ್ಳಬಹುದು, ನಡುವೆ ಬಾಯಿ ಹಾಕುವಂತಿಲ್ಲ. ಮುಗಿದ ಮೇಲೆ ಎದುರಿನವರು ಕೇಳಿದ್ದನ್ನು ಹೇಳಿ ತೋರಿಸಬೇಕು. "ಹೌದು, ನಾನು ಹೇಳಿದ್ದು ಅದೇ" ಎಂಬ ಮಾತು ಬರುವ ತನಕ ಅವರಿಗೆ ಸರದಿ ಇಲ್ಲ. ಎರಡನೆಯ ಜೋಡಿಗೂ ಹೀಗೆಯೇ. ಅನಂತರ ಹತ್ತು ನಿಮಿಷ ಬಿಚ್ಚುಮಾತಿನ ಚರ್ಚೆ. ಆಮೇಲೆ ಕುರ್ಚಿಗಳನ್ನು ಅದಲುಬದಲು ಮಾಡಿ, ಇಷ್ಟು ಹೊತ್ತು ವಿರೋಧಿಸಿದ್ದನ್ನೇ ಸಮರ್ಥಿಸಬೇಕು. ಕೊನೆಗೆ ಎರಡು ಪಕ್ಷವನ್ನೂ ಬಿಟ್ಟು ನಾಲ್ವರೂ ಒಂದೇ ಕಡೆ ಕುಳಿತು, ತಮ್ಮ ನಿಜವಾದ ಅಭಿಪ್ರಾಯವೇನು, ಯಾವುದರಲ್ಲಿ ಒಪ್ಪಿದರು, ಯಾವುದರಲ್ಲಿ ಒಪ್ಪಲಿಲ್ಲ ಎಂದು ಒಂದು ಹಾಳೆಯಲ್ಲಿ ಬರೆಯಬೇಕು. ಒಟ್ಟು ಒಂದು ಗಂಟೆ. ತೀರ್ಪುಗಾರರಿಲ್ಲ, ಬಹುಮಾನವಿಲ್ಲ. ಒಮ್ಮೆ ಪೆನ್ನು ಬಹುಮಾನ ಇಟ್ಟು ನೋಡಿದೆ. ಅಂದು ಒಬ್ಬನೂ ಇನ್ನೊಬ್ಬನಿಗೆ "ಹೌದು" ಎನ್ನಲಿಲ್ಲ.

ನಡೆದದ್ದನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ವಿಷಯ: ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ಮಕ್ಕಳ ಕೈಗೆ ಸ್ವಂತ ಮೊಬೈಲ್ ಫೋನ್ ಬೇಡ. ಬೇಕು ಎಂಬ ಪಕ್ಷದ ಹುಡುಗಿ ಹೀಗೆಂದಳು: "ಟ್ಯೂಷನ್ ಬಿಡೋದು ಆರೂವರೆಗೆ. ಒಂದೊಂದು ದಿನ ಬಸ್ಸು ಬರೋದೇ ಇಲ್ಲ, ಇನ್ನೊಂದಕ್ಕೆ ಕಾಯಬೇಕು. ಅಷ್ಟು ಹೊತ್ತೂ ಅಮ್ಮ ಗೇಟ್ ಹತ್ತಿರ ಕತ್ತಲಲ್ಲಿ ಒಬ್ಬರೇ ನಿಂತಿರ್ತಾರೆ. ನಾನು ಎಲ್ಲಿದ್ದೀನಿ ಅಂತ ಅವರಿಗೆ ಗೊತ್ತಾಗಲ್ಲ."

ಎದುರಿನ ಹುಡುಗ ಎದ್ದು, "ಫೋನಿದ್ದರೆ ಬಸ್ಸಲ್ಲಿ ಹೊತ್ತು ಹೋಗುತ್ತೆ ಅಂತ ಇವಳು ಹೇಳ್ತಾಳೆ" ಎಂದ. ಎಲ್ಲರೂ ನಕ್ಕರು. ಹುಡುಗಿ, "ನಾನು ಹಾಗೆ ಹೇಳಲೇ ಇಲ್ಲ" ಎಂದಳು. ಎರಡನೆಯ ಸಲ ಅವನೆಂದ: "ಬಸ್ಸು ತಡವಾದರೆ ಮನೆಗೆ ತಿಳಿಸೋಕೆ ಫೋನ್ ಬೇಕು." ಇದು ಸರಿಯಾಯಿತೆಂದು ನನಗನಿಸಿತು. ಆದರೆ ಅವಳು ತಲೆ ಅಲ್ಲಾಡಿಸಿ, "ಅರ್ಧ ಸರಿ" ಎಂದಳು. ಹುಡುಗ ತನ್ನ ಹಾಳೆಯನ್ನು ನೋಡಿದ. ಅದರಲ್ಲಿ ಬರೆದಿದ್ದುದು ಬಸ್ಸು, ಟ್ಯೂಷನ್ ಎಂಬ ಎರಡೇ ಪದ. ಸ್ವಲ್ಪ ಹೊತ್ತು ಸುಮ್ಮನಿದ್ದು ನಿಧಾನವಾಗಿ ಹೇಳಿದ: "ತಡವಾದಾಗ ಇವಳಿಗಲ್ಲ ತೊಂದರೆ, ಅಮ್ಮನಿಗೆ. ಅಮ್ಮ ಹೆದರಿಕೊಂಡು ನಿಂತಿರ್ತಾರೆ ಅನ್ನೋದು ಇವಳಿಗೆ ಬೇಜಾರು." ಹುಡುಗಿ, "ಹೌದು, ಅದೇ" ಎಂದಳು.

ಆಮೇಲೆ ಅವನು ಕೊಟ್ಟ ಉತ್ತರವನ್ನು ಕೇಳಿ. ಅವನ ಹಾಳೆಯಲ್ಲಿ ಸಿದ್ಧವಾಗಿದ್ದುದು ಆಟ, ವಿಡಿಯೊ, ಕೆಟ್ಟುಹೋಗುವ ಕಣ್ಣು ಇತ್ಯಾದಿ. ಅದಾವುದನ್ನೂ ಅವನು ಹೇಳಲಿಲ್ಲ. "ಅಮ್ಮನಿಗೆ ತಿಳಿಸೋಕೇ ಆದರೆ ಬಟನ್ ಫೋನ್ ಸಾಕಲ್ವಾ? ನಾವು ಬೇಡ ಅಂತಿರೋದು ದೊಡ್ಡ ಫೋನು" ಎಂದ. ನಾನು ಮನಸ್ಸಿನಲ್ಲೇ ನನ್ನ ಪ್ರಾಧ್ಯಾಪಕರಿಗೆ ಕೈಮುಗಿದೆ. ಇದೇ ಆ ದಿಸ್ತಿಂಗ್ವೊ. ಫೋನ್ ಎಂಬ ಒಂದೇ ಪದದಲ್ಲಿ ಎರಡು ಅರ್ಥಗಳಿದ್ದುದನ್ನು ಒಂಬತ್ತನೆಯ ತರಗತಿಯ ಹುಡುಗ ಯಾರೂ ಹೇಳಿಕೊಡದೆ ಕಂಡುಕೊಂಡಿದ್ದ. ಮೊದಲ ಸಲವೇ ಅವನಿಗೆ ಸರದಿ ಕೊಟ್ಟಿದ್ದರೆ ಅದು ಕಾಣುತ್ತಿರಲಿಲ್ಲ. ಏಕೆಂದರೆ ಅವನು ಉತ್ತರಿಸುತ್ತಿದ್ದುದು ಅವಳು ಆಡದ ಮಾತಿಗೆ.

ಆಟ ಕೆಡುವ ಬಗೆಗಳೂ ಇವೆ. ಗಿಳಿಪಾಠ ಒಪ್ಪಿಸುವ ಮಕ್ಕಳಿರುತ್ತಾರೆ. ಪದ ಒಂದೂ ತಪ್ಪುವುದಿಲ್ಲ, ಒಳಗೆ ಏನೂ ಇಳಿದಿರುವುದಿಲ್ಲ. ಅಂಥವರಿಗೆ, "ಅವಳು ಕೊಡದ ಇನ್ನೊಂದು ಉದಾಹರಣೆಯನ್ನು ಅವಳ ಪರವಾಗಿ ನೀನು ಕೊಡು" ಎಂದರೆ ತಕ್ಷಣ ಗೊತ್ತಾಗುತ್ತದೆ. ಇನ್ನು ಕೆಲವರು ಹೇಳಿ ತೋರಿಸುವಾಗಲೇ "ಆದರೆ" ಎಂಬ ಪದವನ್ನು ನುಸುಳಿಸುತ್ತಾರೆ. ಆ ಪದ ಕೇಳಿದ ಕೂಡಲೆ ನಾನು ಕೈ ಎತ್ತುತ್ತೇನೆ, ಮತ್ತೆ ಮೊದಲಿನಿಂದ. ಎಲ್ಲಕ್ಕಿಂತ ಜಾಣರು, ಎಷ್ಟು ಸರಿಯಾಗಿ ಹೇಳಿದರೂ "ಹೌದು" ಎನ್ನದೆ ಎದುರಿನವನನ್ನು ಸತಾಯಿಸುವವರು. ಒಪ್ಪಿಗೆ ಕೊಡುವ ಅಧಿಕಾರವೂ ಅಧಿಕಾರವೇ, ಅದರ ರುಚಿ ಬೇಗ ಹತ್ತುತ್ತದೆ. ಅದಕ್ಕಾಗಿ ಮೂರು ಸಲ ಎಂದು ಮಿತಿ ಇಟ್ಟಿದ್ದೇವೆ. ಮೂರನೆಯದೂ ಸರಿಯಾಗದಿದ್ದರೆ ಮಾತಾಡಿದವನೇ ತನ್ನ ಮಾತನ್ನು ಒಂದು ವಾಕ್ಯದಲ್ಲಿ ಹೇಳಬೇಕು. ಹಾಗೆ ಹೇಳಲು ಹೊರಟಾಗ ಎಷ್ಟೋ ಸಲ ತಾನು ಹೇಳಹೊರಟದ್ದು ಏನೆಂಬುದು ತನಗೇ ಸ್ಪಷ್ಟವಿರಲಿಲ್ಲವೆಂದು ಅವನಿಗೆ ತಿಳಿಯುತ್ತದೆ.

ಈಗ ಪ್ರಶ್ನೆಯ ಕಷ್ಟದ ಭಾಗಕ್ಕೆ ಬರುತ್ತೇನೆ. ಒಬ್ಬ ತಂದೆ ಒಂದು ಭಾನುವಾರ ಪೂಜೆ ಮುಗಿದ ಮೇಲೆ ಬಂದು ನೇರವಾಗಿ ಕೇಳಿದರು: "ಫಾದರ್, ನನ್ನ ಮಗಳು ನಂಬದೇ ಇರೋದನ್ನ ಅವಳ ಬಾಯಿಂದ ಹೇಳಿಸ್ತೀರಿ. ಸುಳ್ಳು ಹೇಳಬಾರದು ಅಂತಲೂ ನೀವೇ ಹೇಳ್ತೀರಿ. ಇದು ಹೇಗೆ?" ಅವರಿಗೆ ಕೋಪವಿರಲಿಲ್ಲ, ನಿಜವಾಗಿಯೂ ತಿಳಿಯಬೇಕಾಗಿತ್ತು.

ಈ ಪ್ರಶ್ನೆ ಹೊಸದಲ್ಲ. 1954–55ರ ಸಾಲಿನಲ್ಲಿ ಅಮೆರಿಕದ ಕಾಲೇಜುಗಳ ಚರ್ಚೆಗೆ ಆರಿಸಿದ ವಿಷಯ, ಕಮ್ಯುನಿಸ್ಟ್ ಚೀನಾ ಸರಕಾರಕ್ಕೆ ಅಮೆರಿಕ ರಾಜತಾಂತ್ರಿಕ ಮನ್ನಣೆ ಕೊಡಬೇಕು ಎಂಬುದು. ಸ್ಪರ್ಧಿಗಳು ಒಮ್ಮೆ ಪರ, ಒಮ್ಮೆ ವಿರೋಧ ಮಾತಾಡಬೇಕಾಗಿತ್ತು. ಆ ದೇಶದ ಭೂಸೇನೆಯ ಮತ್ತು ನೌಕಾಸೇನೆಯ ಅಕಾಡೆಮಿಗಳು ತಮ್ಮ ವಿದ್ಯಾರ್ಥಿಗಳನ್ನು ಆ ಚರ್ಚೆಗೆ ಕಳಿಸಲೇ ಇಲ್ಲ. ಬಳಿಕ 1957ರಲ್ಲಿ ರಿಚರ್ಡ್ ಮರ್ಫಿ ಎಂಬ ಪ್ರಾಧ್ಯಾಪಕರು, ಸಭೆಯಲ್ಲಿ ಎದ್ದು ನಿಂತು ಆಡುವ ಮಾತು ತನ್ನ ನಂಬಿಕೆಯ ಬಹಿರಂಗ ಘೋಷಣೆ, ನಂಬದ್ದನ್ನು ಅಲ್ಲಿ ಆಡುವುದು ನೀತಿಯಲ್ಲ ಎಂದು ಬರೆದರು. ಇಲ್ಲ, ಅದು ಅಭ್ಯಾಸ ಮಾತ್ರ ಎಂದು ಬೇರೆಯವರು ಉತ್ತರ ಕೊಟ್ಟರು.

ಆ ತಂದೆಗೆ ನಾನು ಮೊದಲು ಸಂತ ಅಗಸ್ಟೀನರ ಒಂದು ಮಾತಿನ ಸಾರ ಹೇಳಿದೆ. ಸುಳ್ಳಿನ ವಿಷಯದಲ್ಲಿ ಅವರಷ್ಟು ಕಟ್ಟುನಿಟ್ಟಿನವರು ಯಾರೂ ಇಲ್ಲ. ಜೀವ ಉಳಿಸಲಿಕ್ಕೂ ಸುಳ್ಳು ಸಲ್ಲದೆಂದವರು ಅವರು. ಅಂಥವರು ಕೂಡ ತಮಾಷೆಯ ಮಾತನ್ನು ಸುಳ್ಳಿನ ಲೆಕ್ಕಕ್ಕೆ ಸೇರಿಸಲಿಲ್ಲ. ಮೋಸ ಮಾಡುವ ಉದ್ದೇಶವಿಲ್ಲವೆಂದು ಆಡುವವನ ದನಿಯೇ ತೋರಿಸುತ್ತದಲ್ಲ! ನಮ್ಮ ಆಟದಲ್ಲಿ ಚೀಟಿ ಎಲ್ಲರ ಎದುರಿಗೇ ಎತ್ತುತ್ತೇವೆ. ಅವಳು ಆಡುತ್ತಿರುವುದು ಅವಳ ನಂಬಿಕೆಯೆಂದು ಅಲ್ಲಿ ಯಾರೂ ತಿಳಿಯುವುದಿಲ್ಲ. ನಾಟಕದಲ್ಲಿ ಹೆರೋದನ ಪಾತ್ರ ಮಾಡಿದ ಹುಡುಗ ಹೆರೋದನಾಗುವುದಿಲ್ಲ.

ಆದರೆ ಅವರ ಪ್ರಶ್ನೆ ಅಷ್ಟಕ್ಕೇ ತೀರಲಿಲ್ಲ, ನನಗೂ ತೀರಿಲ್ಲ. ಇವತ್ತು ಇದನ್ನು, ನಾಳೆ ಅದನ್ನು ಅಷ್ಟೇ ಸೊಗಸಾಗಿ ವಾದಿಸುತ್ತಾ ಹೋದ ಮಗು ಕೊನೆಗೆ, ಸತ್ಯವೆಂಬುದೇ ಇಲ್ಲ, ಇರುವುದೆಲ್ಲ ಮಾತಿನ ಚಮತ್ಕಾರ ಎಂದು ತಿಳಿದರೆ? ಆ ಅಪಾಯ ನಿಜ, ವಿಶೇಷವಾಗಿ ಚುರುಕು ಮಕ್ಕಳಲ್ಲಿ. ಆದ್ದರಿಂದಲೇ ಕೊನೆಯ ಹೆಜ್ಜೆಯನ್ನು, ಎಂದರೆ ಪಕ್ಷಗಳನ್ನು ಬಿಟ್ಟು ತನ್ನ ನಿಜವಾದ ಅಭಿಪ್ರಾಯ ಹೇಳುವುದನ್ನು, ಹೊತ್ತಾಯಿತೆಂದು ಎಂದೂ ಬಿಡಬಾರದು. ಹೊತ್ತು ಸಾಲದಿದ್ದರೆ ಕುರ್ಚಿ ಬದಲಿಸುವುದನ್ನು ಬಿಡುತ್ತೇನೆ, ಇದನ್ನು ಬಿಡುವುದಿಲ್ಲ.

ಈ ಉತ್ತರ ಕೊಡುವ ಹೊತ್ತಿಗೆ ನಾನೊಂದು ದೊಡ್ಡ ತಪ್ಪು ಮಾಡಿ ಆಗಿತ್ತು, ಅದನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು. ಮದ್ಯದಂಗಡಿಗಳನ್ನು ಮುಚ್ಚಿಸಬೇಕೇ ಎಂಬ ವಿಷಯ ಕೊಟ್ಟಿದ್ದೆ. ಬೇಡ ಎಂಬ ಚೀಟಿ ಒಬ್ಬ ಹುಡುಗನಿಗೆ ಬಂತು. ಅವನು ಎದ್ದು ನಿಂತ, ಮಾತು ಹೊರಡಲಿಲ್ಲ. ನಾಚಿಕೆಯಿರಬೇಕೆಂದು ನಾನು, "ಹೇಳಪ್ಪ, ಹೆದರಬೇಡ" ಎಂದೆ. ಅವನು ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಹೊರಗೆ ನಡೆದ. ಅವನ ಮನೆಯಲ್ಲಿ ಪ್ರತಿ ಸಂಜೆ ಏನು ನಡೆಯುತ್ತಿತ್ತೆಂದು ಅಲ್ಲಿದ್ದ ಮಕ್ಕಳಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವನು ನಾನೊಬ್ಬನೇ. ಎರಡು ತಿಂಗಳು ಅವನು ಯುವಕೂಟಕ್ಕೆ ಬರಲಿಲ್ಲ. ನಾನೇ ಹೋಗಿ ಕ್ಷಮೆ ಕೇಳಿದೆ.

ಅವನು ಸುಳ್ಳು ಹೇಳಬೇಕಾಗಿ ಬಂತೆಂಬುದಲ್ಲ ಅಲ್ಲಿ ಆದ ಅನ್ಯಾಯ. ತನ್ನನ್ನು ಗಾಯಗೊಳಿಸುತ್ತಿದ್ದ ವಸ್ತುವಿನ ಪರವಾಗಿ ಅವನ ದನಿಯನ್ನೇ ನಾನು ಕೇಳಿದ್ದೆ. ಅಂದಿನಿಂದ ನಾನು ಎರಡು ಕೆಲಸಗಳನ್ನು ಬೇರೆ ಮಾಡಿ ನೋಡುತ್ತೇನೆ. "ಅವರು ಹೇಳುವುದು ಹೀಗೆ" ಎಂದು ಇನ್ನೊಬ್ಬರ ಮಾತನ್ನು ಸರಿಯಾಗಿ ಹೇಳಿ ತೋರಿಸುವುದು ಒಂದು. "ನಾನು ಹೇಳುವುದು ಹೀಗೆ" ಎಂದು ಆ ಪಕ್ಷವನ್ನು ತಾನೇ ವಹಿಸಿಕೊಳ್ಳುವುದು ಇನ್ನೊಂದು. ಮೊದಲನೆಯದನ್ನು ಬಹುಪಾಲು ಯಾವ ವಿಷಯದಲ್ಲೂ ಕೇಳಬಹುದು, ಅದರಲ್ಲಿ ತನ್ನ ನಂಬಿಕೆಯನ್ನು ಒತ್ತೆ ಇಡಬೇಕಾಗಿಲ್ಲ. ಎರಡನೆಯದಕ್ಕೆ ವಿಷಯವನ್ನು ಬಹಳ ನೋಡಿ ಆರಿಸಬೇಕು. ಚೀಟಿ ಎತ್ತಿದವರು ಕಾರಣ ಹೇಳದೆ ಅದನ್ನು ಹಿಂದಿರುಗಿಸಬಹುದೆಂದು ಮೊದಲೇ ಸಾರಬೇಕು. ಹಿಂದಿರುಗಿಸಿದವರು ಸಮಯ ನೋಡುವ ಕೆಲಸ ಮಾಡುತ್ತಾರೆ. ಯಾರೂ ಏಕೆಂದು ಕೇಳುವುದಿಲ್ಲ.

ಎರಡನ್ನೂ ಮಾಡಿಸಬಾರದ ವಿಷಯಗಳೂ ಇವೆ. ಇಂಥ ಜಾತಿಯವರು, ಇಂಥ ಭಾಷೆಯವರು ನಮಗೆ ಸಮಾನರೇ ಎಂಬುದನ್ನು ಚರ್ಚೆಯ ವಿಷಯ ಮಾಡಿದರೆ, ಆ ಗುಂಪಿನಲ್ಲೇ ಕುಳಿತಿರುವ ಮಗುವಿನ ಮಾನವನ್ನು ಪಣಕ್ಕೆ ಇಟ್ಟಂತಾಗುತ್ತದೆ. ಇಲ್ಲಿ ಕೆಲವರಿಗೆ ಗೊಂದಲವಾಗುತ್ತದೆ: ಎದುರು ಅಭಿಪ್ರಾಯವನ್ನು ಗೌರವದಿಂದ ಕೇಳಬೇಕೆಂದರೆ ಎಲ್ಲ ಅಭಿಪ್ರಾಯವೂ ಗೌರವಕ್ಕೆ ಯೋಗ್ಯವೇ ಎಂದು. ಹಾಗಲ್ಲ. ಗೌರವ ಸಲ್ಲುವುದು ಮಾತಾಡುವ ಮನುಷ್ಯನಿಗೆ. ಅವನ ಅಭಿಪ್ರಾಯ ತಪ್ಪಾಗಿರಬಹುದು, ಕೆಟ್ಟದ್ದೂ ಆಗಿರಬಹುದು. ಅಕ್ವಿನಾಸರು ಆಕ್ಷೇಪಗಳನ್ನು ಮೊದಲು ಬರೆದದ್ದು ಅವು ಸರಿಯೆಂದಲ್ಲ. ಒಂದೊಂದಕ್ಕೂ ಕೊನೆಯಲ್ಲಿ ಉತ್ತರ ಕೊಟ್ಟಿದ್ದಾರೆ. ಆದರೆ ಎದುರಾಳಿ ಬಂದು ಓದಿದರೆ ತನ್ನ ವಾದವನ್ನು ಗುರುತು ಹಿಡಿಯುವಷ್ಟು ನೇರವಾಗಿ ಬರೆಯಲು ಯತ್ನಿಸಿದರು.

ಇನ್ನೊಂದು ಮಿತಿಯನ್ನೂ ಹೇಳಬೇಕು. ಒಂದು ಗಂಟೆಯ ಆಟದಲ್ಲಿ ತಾಳ್ಮೆಯಿಂದ ಕೇಳಿದ ಹುಡುಗ ಅದೇ ಸಂಜೆ ಕ್ರಿಕೆಟ್ ಮೈದಾನದಲ್ಲಿ ಔಟೋ ನಾಟೌಟೋ ಎಂದು ಕೊರಳಪಟ್ಟಿ ಹಿಡಿದದ್ದನ್ನು ನಾನು ಕಂಡಿದ್ದೇನೆ. ಆಟದೊಳಗಿನ ಅಭ್ಯಾಸ ತಾನಾಗಿಯೇ ಹೊರಗೆ ಹರಿಯುವುದಿಲ್ಲ. ಮನೆಯಲ್ಲಿ ಯಾರೂ ಯಾರ ಮಾತನ್ನೂ ಪೂರ್ತಿ ಕೇಳುವುದಿಲ್ಲವಾದರೆ, ಭಾನುವಾರದ ಒಂದು ಗಂಟೆ ಏನು ಮಾಡೀತು?

ಅದಕ್ಕೇ ಆ ಫೋನಿನ ಹುಡುಗಿಯ ತಾಯಿ ಮೊನ್ನೆ ಹೇಳಿದ್ದು ನನಗೆ ಖುಷಿ ಕೊಟ್ಟಿತು. ಮನೆಯಲ್ಲಿ ಫೋನಿನ ಮಾತು ಎದ್ದಿತಂತೆ. ತಾಯಿ ಬೇಡವೆನ್ನಲು ಬಾಯಿ ತೆರೆದಾಗ ಮಗಳು, "ಅಮ್ಮ, ನಾನೇನು ಹೇಳಿದೆ ಅಂತ ಮೊದಲು ನೀನು ಹೇಳು" ಎಂದಳಂತೆ. "ಮೂರು ಸಲವೂ ತಪ್ಪು ಹೇಳಿದೆ ಫಾದರ್. ನಾಲ್ಕನೇ ಸಲ, ನಾನು ಗೇಟ್ ಹತ್ತಿರ ನಿಲ್ಲೋದು ಅವಳಿಗೆ ಬೇಜಾರು ಅಂತ ಗೊತ್ತಾಯ್ತು. ಅವಳಿಗೆ ಫೋನ್ ಹುಚ್ಚು ಅಂತಲೇ ನಾನು ಅಂದುಕೊಂಡಿದ್ದೆ" ಎಂದರು. ಆಮೇಲೆ ಮಗಳ ಸರದಿ. ತಾಯಿಯ ಭಯವೇನೆಂದು ಅವಳು ಹೇಳಿ ತೋರಿಸಬೇಕಾಗಿತ್ತು. ಅವಳಿಗೂ ಎರಡು ಸಲ ಹಿಡಿಯಿತಂತೆ.

ಫೋನು ಇನ್ನೂ ಕೊಂಡಿಲ್ಲ. ಟ್ಯೂಷನ್ ಮನೆಯ ಟೀಚರ್ ಬಸ್ಸು ಬಾರದ ದಿನ ತಮ್ಮ ಫೋನಿನಿಂದ ಒಂದು ಕರೆ ಮಾಡುತ್ತಾರೆ. ಮುಂದಿನ ಜೂನ್‌ನಲ್ಲಿ ಮತ್ತೆ ಮಾತಾಡುವುದೆಂದು ತಾಯಿ ಮಗಳು ಒಪ್ಪಿಕೊಂಡಿದ್ದಾರೆ.